ಹಳೇ ವರದಿಯ ಮೇಲೇ ಹೊಸ ವರದಿ ಬರೆದುಬಿಟ್ಟರೆ: ವರ್ಷನ್ ಹಿಸ್ಟರಿಯಿಂದ ಹಳೆಯದನ್ನು ಹೊರಗೆ ತೆಗೆಯುವುದು

ಹಾಸನದಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡವರಿಗೆ ಆಗಸ್ಟ್, ಸೆಪ್ಟೆಂಬರ್ ಅಂದರೆ ಸಹಕಾರ ಸಂಘಗಳ ಕಾಲ. ಮಾರ್ಚ್ 31ಕ್ಕೆ ಲೆಕ್ಕ ಮುಗಿದಿರುತ್ತದೆ, ಆಡಿಟ್ ಆಗಿರುತ್ತದೆ, ವಾರ್ಷಿಕ ಮಹಾಸಭೆಗೆ ವರದಿ ಪುಸ್ತಕ ಅಚ್ಚಾಗಬೇಕು. ಹಾಲಿನ ಸಂಘ, ಪತ್ತಿನ ಸಂಘ, ಎಲ್ಲರೂ ಒಟ್ಟಿಗೇ ಬರುತ್ತಾರೆ. ಈಗ ಬಹಳ ಜನ ವರದಿಯನ್ನು ತಾವೇ ಗೂಗಲ್ ಡಾಕ್ಸ್‌ನಲ್ಲೋ ವರ್ಡ್‌ನಲ್ಲೋ ಟೈಪ್ ಮಾಡಿಕೊಂಡು ಬರುತ್ತಾರೆ. ಯಾರೂ ಖಾಲಿ ಪುಟದಿಂದ ಶುರು ಮಾಡುವುದಿಲ್ಲ. ಕಳೆದ ವರ್ಷದ ಫೈಲ್ ತೆರೆದು, ಇಸವಿ ಬದಲಾಯಿಸಿ, ಅಂಕಿ ತಿದ್ದಿ ಹೊಸ ವರದಿ ಮಾಡುತ್ತಾರೆ. ಹಳೆಯದು ಕಳೆದುಹೋಗುವುದು ಅಲ್ಲೇ.

ಮೊದಲೆಲ್ಲ ಇದಕ್ಕೆ ಒಂದು ತಡೆ ಇತ್ತು. ಹಳೇ ಫೈಲ್ ತೆರೆದು ತಿದ್ದಿ, ಕೊನೆಯಲ್ಲಿ ಬೇರೆ ಹೆಸರು ಕೊಟ್ಟು ಸೇವ್ ಮಾಡಿದರೆ ಹಳೆಯದು ಹಾಗೇ ಉಳಿಯುತ್ತಿತ್ತು. ಗೂಗಲ್ ಡಾಕ್ಸ್‌ನಲ್ಲಿ ಸೇವ್ ಬಟನ್ನೇ ಇಲ್ಲ. ನೀವು ಒಂದು ಅಕ್ಷರ ಅಳಿಸಿದ ಕೂಡಲೇ ಆ ಬದಲಾವಣೆ ತಾನಾಗೇ ಸೇವ್ ಆಗಿಬಿಡುತ್ತದೆ. ವರ್ಡ್ ಫೈಲ್ ಒನ್‌ಡ್ರೈವ್‌ನಲ್ಲಿದ್ದು, ಮೇಲೆ ಎಡಗಡೆ AutoSave ಆನ್ ಆಗಿದ್ದರೂ ಇದೇ ಕಥೆ. ಅಲ್ಲಿ Save As ಇದ್ದ ಜಾಗದಲ್ಲಿ Save a Copy ಅಂತ ಬಂದಿರುತ್ತದೆ. ಎಲ್ಲ ತಿದ್ದಿ ಮುಗಿಸಿ ಕೊನೆಗೆ Save a Copy ಒತ್ತಿದರೆ ಹೊಸ ಹೆಸರಿನ ಫೈಲ್ ಸಿಗುತ್ತದೆ, ನಿಜ. ಆದರೆ ಹಳೇ ಹೆಸರಿನ ಫೈಲಿನಲ್ಲೂ ಅಷ್ಟರಲ್ಲಿ ಹೊಸ ವಿಷಯವೇ ತುಂಬಿಕೊಂಡಿರುತ್ತದೆ. ಎರಡು ಫೈಲ್, ಎರಡರಲ್ಲೂ ಈ ವರ್ಷದ್ದೇ ವರದಿ!

ಗಾಬರಿ ಬೇಡ. ಹಳೆಯದು ಬಹುತೇಕ ಅದೇ ಫೈಲಿನ ಒಳಗೇ, ಹಿಂದೆ ಫೈಲ್ ಹೇಗೆ ಹೇಗಿತ್ತು ಅಂತ ತಾರೀಕಿನ ಪ್ರಕಾರ ಇಟ್ಟುಕೊಳ್ಳುವ ವರ್ಷನ್ ಹಿಸ್ಟರಿಯಲ್ಲಿ ಇರುತ್ತದೆ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಹಳೇ ವರ್ಷನ್ ಕಣ್ಣಿಗೆ ಬಿದ್ದ ಕೂಡಲೇ ಅಲ್ಲಿರುವ ನೀಲಿ Restore ಬಟನ್ ಒತ್ತಬೇಡಿ. ನಿಮಗೆ ಬೇಕಿರುವುದು ಹಳೆಯದೂ ಹೊಸದೂ ಎರಡೂ ಅಲ್ವಾ? Restore ಮಾಡಿದರೆ ಹಳೆಯದು ಮುಂದೆ ಬಂದು ಹೊಸದು ಹಿಂದೆ ಸರಿಯುತ್ತದೆ. ಕಾಪಿ ಮಾಡಿದರೆ ಎರಡೂ ಕೈಯಲ್ಲಿರುತ್ತವೆ.

ಒಂದು ಸಂಘದ ಉದಾಹರಣೆ

ಒಂದು ಹಾಲು ಉತ್ಪಾದಕರ ಸಂಘ ಅಂದುಕೊಳ್ಳಿ. 2023-24ರ ವರದಿಯನ್ನು ಕಾರ್ಯದರ್ಶಿ ಗೂಗಲ್ ಡಾಕ್ಸ್‌ನಲ್ಲಿ ಮಾಡಿದ್ದರು. 2024ರ ಸೆಪ್ಟೆಂಬರ್‌ನಲ್ಲಿ ಸಭೆ ಮುಗಿಯಿತು, ಫೈಲ್ ಹಾಗೇ ಬಿದ್ದಿತ್ತು. 2025ರ ಆಗಸ್ಟ್ ಮೊದಲ ವಾರ ಅದನ್ನೇ ತೆರೆದು 2024-25ರ ವರದಿ ಶುರು ಮಾಡಿದರು. ಅಧ್ಯಕ್ಷರ ಮಗನಿಗೂ ಎಡಿಟ್ ಮಾಡಲು ಅನುಮತಿ ಕೊಟ್ಟರು. ಆ ಹುಡುಗ ಜಮಾ-ಖರ್ಚಿನ ಪಟ್ಟಿ ತುಂಬಿದ. ಎರಡು ವಾರ ಕಳೆದ ಮೇಲೆ ಒಬ್ಬ ಸದಸ್ಯರು, "ಹೋದ ಸಲ ಬೋನಸ್ ಬಗ್ಗೆ ವರದಿಯಲ್ಲಿ ಏನು ಬರೆದಿದ್ರಿ, ತೋರಿಸಿ" ಅಂದರು. ಅಚ್ಚಾದ ಪುಸ್ತಕ ಯಾರ ಮನೆಯಲ್ಲಿದೆಯೋ ಗೊತ್ತಿಲ್ಲ. ಫೈಲ್ ತೆರೆದರೆ ಎಲ್ಲ ಕಡೆ 2024-25.

ಇಲ್ಲಿ ಮಾಡಬೇಕಾದ್ದು ಹೀಗೆ. ಕಂಪ್ಯೂಟರ್ ಮುಂದೆ ಕೂತು ಮಾಡಿ, ಫೋನಿನ ಚಿಕ್ಕ ಪರದೆಯಲ್ಲಿ ಈ ಕೆಲಸ ಕಿರಿಕಿರಿ.

1. ಫೈಲ್ ತೆರೆಯಿರಿ. ಮೇಲಿನ File ಮೆನು, ಅದರಲ್ಲಿ Version history, ಅದರಲ್ಲಿ See version history. ಕೀಬೋರ್ಡಿನಿಂದಾದರೆ Ctrl+Alt+Shift+H.

2. ಬಲಗಡೆ ಒಂದು ಪಟ್ಟಿ ಬರುತ್ತದೆ. ತಾರೀಕು, ಸಮಯ, ಅದರ ಕೆಳಗೆ ಯಾರು ತಿದ್ದಿದ್ದು ಅನ್ನುವ ಹೆಸರು. ಮೇಲಿರುವುದು ಇವತ್ತಿನದು, ಕೆಳಕ್ಕೆ ಹೋದಷ್ಟೂ ಹಳೆಯದು.

3. ಪಟ್ಟಿಯಲ್ಲಿ ದೊಡ್ಡ ಅಂತರ ಎಲ್ಲಿದೆ ಹುಡುಕಿ. ನಮ್ಮ ಸಂಘದ ಪಟ್ಟಿಯಲ್ಲಿ 2025ರ ಆಗಸ್ಟ್ ತಾರೀಕುಗಳು ಸಾಲಾಗಿ ಬಂದು, ಅದರ ಕೆಳಗೆ ಒಂದೇ ಸಲ 2024ರ ಸೆಪ್ಟೆಂಬರ್ ಕಾಣುತ್ತದೆ. ನಡುವೆ ಹತ್ತು ಹನ್ನೊಂದು ತಿಂಗಳು ಯಾರೂ ಮುಟ್ಟಿಲ್ಲ. ಆ ಅಂತರದ ಕೆಳಗಿನ ಮೊದಲ ಸಾಲೇ ನಿಮ್ಮ ಹಳೇ ವರದಿಯ ಕೊನೆಯ ರೂಪ.

4. ಅದರ ಮೇಲೆ ಒಮ್ಮೆ ಕ್ಲಿಕ್ ಮಾಡಿ. ಎಡಗಡೆ ಪುಟದಲ್ಲಿ ಆ ದಿನ ಫೈಲ್ ಹೇಗಿತ್ತೋ ಹಾಗೆ ಕಾಣುತ್ತದೆ. ಇದು ನೋಡುವುದಕ್ಕೆ ಮಾತ್ರ. ಇಷ್ಟರಿಂದ ಏನೂ ಬದಲಾಗುವುದಿಲ್ಲ.

5. ಆ ಸಾಲಿನ ಪಕ್ಕದ ಮೂರು ಚುಕ್ಕಿ ಒತ್ತಿ, Make a copy ಆರಿಸಿ. ಹೆಸರು ಕೇಳುತ್ತದೆ. "ವಾರ್ಷಿಕ ವರದಿ 2023-24" ಅಂತ ಕೊಡಿ. ಹಳೆಯದು ಬೇರೆ ಫೈಲಾಗಿ ನಿಮ್ಮ ಗೂಗಲ್ ಡ್ರೈವ್‌ಗೆ ಬರುತ್ತದೆ.

6. ಎಡಗಡೆ ಮೇಲಿನ ಬಾಣದ ಗುರುತು ಒತ್ತಿ ಪಟ್ಟಿಯಿಂದ ಹೊರಗೆ ಬನ್ನಿ. ಹೊಸ ವರದಿ ಎಲ್ಲಿತ್ತೋ ಅಲ್ಲೇ ಇರುತ್ತದೆ.

ಕೆಲಸ ಐದು ನಿಮಿಷದ್ದು. ತಪ್ಪು ಆಗುವುದು ಮೂರನೇ ಹೆಜ್ಜೆಯಲ್ಲಿ, ಯಾವ ಸಾಲು ಅನ್ನುವುದರಲ್ಲಿ. ಅದಕ್ಕೆ ಅಲ್ಲಿ ಸ್ವಲ್ಪ ನಿಲ್ಲೋಣ.

ಸರಿಯಾದ ಸಾಲು ಇದೇನಾ?

ಅಂತರದ ಕೆಳಗಿನ ಮೊದಲ ಸಾಲು ಅಂದರೆ ಯಾವಾಗಲೂ ಸಭೆಯಲ್ಲಿ ಓದಿದ ವರದಿ ಅಂತ ಅಲ್ಲ. ಸಭೆ ಆದ ಮೇಲೆ ಯಾರೋ ಕೆಳಗೆ ಹಾರ, ಶಾಮಿಯಾನ, ಊಟದ ಖರ್ಚು ಬರೆದುಕೊಂಡಿರಬಹುದು. ನಡಾವಳಿ ಬರೆಯಲು ಶುರು ಮಾಡಿ ಅರ್ಧಕ್ಕೆ ಬಿಟ್ಟಿರಬಹುದು. ಆದ್ದರಿಂದ ಮೂರು ಜಾಗ ನೋಡಿ: ಮೊದಲ ಪುಟದಲ್ಲಿರುವ ಇಸವಿ, ನಿವ್ವಳ ಲಾಭದ ಅಂಕಿ, ಕೊನೆಯ ಸಹಿ ಹಾಕುವ ಜಾಗ. ಮೂರೂ ಹಳೇ ವರ್ಷದ್ದೇ ಆಗಿದ್ದರೆ ಸರಿ. ಇಸವಿ ಹಳೆಯದು, ಲಾಭದ ಅಂಕಿ ಮಾತ್ರ ಹೊಸದು ಅಂತಾದರೆ ನೀವು ಅಂತರ ದಾಟಿಲ್ಲ. ಹೊಸ ವರದಿ ಶುರುವಾದ ಮೊದಲ ದಿನದ ವರ್ಷನ್‌ನಲ್ಲಿ ನಿಂತಿದ್ದೀರಿ. ಇನ್ನೊಂದು ಸಾಲು ಕೆಳಗೆ ಹೋಗಿ.

ಲಾಭದ ಅಂಕಿ ಸರಿಯೋ ತಪ್ಪೋ ಅಂತ ಹೋಲಿಸಲು ಒಂದು ಒಳ್ಳೆಯ ಜಾಗ ಇದೆ. ಈ ವರ್ಷದ ಆಡಿಟ್ ಆದ ಅಢಾವೆ ಪತ್ರಿಕೆಯಲ್ಲಿ ಕಳೆದ ವರ್ಷದ ಅಂಕಿಯ ಕಾಲಂ ಇದ್ದರೆ, ಆ ಕಾಲಂ ಜೊತೆ ತಾಳೆ ನೋಡಿ. ಅಚ್ಚಾದ ಪುಸ್ತಕ ಸಿಕ್ಕರೆ ಇನ್ನೂ ಒಳ್ಳೆಯದು.

ಕೆಲವು ಸಾಲುಗಳ ಎಡಕ್ಕೆ ಪುಟ್ಟ ಬಾಣ ಇರುತ್ತದೆ. ಒತ್ತಿದರೆ ಅದೇ ದಿನದ ಒಳಗಿನ ಇನ್ನಷ್ಟು ಸಮಯಗಳು ತೆರೆದುಕೊಳ್ಳುತ್ತವೆ. ಬೆಳಿಗ್ಗೆ ಹತ್ತಕ್ಕೆ ಹೇಗಿತ್ತು, ಸಂಜೆ ಆರಕ್ಕೆ ಹೇಗಿತ್ತು ಅಂತ. ಹಳೆಯದನ್ನು ತಿದ್ದಲು ಶುರು ಮಾಡಿದ ದಿನವೇ ಅದಕ್ಕೂ ಮೊದಲು ಏನಾದರೂ ಆಗಿತ್ತಾ ಅಂತ ನೋಡಬೇಕಾದರೆ ಈ ಬಾಣ ಬೇಕು. ಆದರೆ ಬಹಳ ಹಳೇ ದಿನಗಳಿಗೆ ಇಷ್ಟು ಬಿಡಿಬಿಡಿಯಾಗಿ ಸಿಗುತ್ತದೆ ಅಂತ ನಂಬಬೇಡಿ. ಜಾಗ ಉಳಿಸಲು ಗೂಗಲ್ ಹತ್ತಿರ ಹತ್ತಿರದ ವರ್ಷನ್‌ಗಳನ್ನು ಒಂದಾಗಿ ಸೇರಿಸಿಬಿಡುತ್ತದೆ. ಕಳೆದ ವರ್ಷ ಒಂದು ಮಧ್ಯಾಹ್ನ ಬರೆದು, ಅದೇ ಸಂಜೆ ಅಳಿಸಿದ ಒಂದು ಪ್ಯಾರಾ ಬೇಕು ಅಂದರೆ ಸಿಗದೇ ಇರಬಹುದು. ತಿಂಗಳುಗಟ್ಟಲೆ ಹಾಗೇ ಇದ್ದ ಕೊನೆಯ ರೂಪ ಸಿಗುವ ಸಾಧ್ಯತೆ ಜಾಸ್ತಿ.

ಒಂದು ಪ್ಯಾರಾ ಮಾತ್ರ ಬೇಕಾದಾಗ

ಅದೇ ಸಂಘದಲ್ಲಿ ಇನ್ನೊಂದು ತೊಂದರೆ ಬಂತು ಅಂದುಕೊಳ್ಳಿ. ಈ ವರ್ಷದ ವರದಿಯಲ್ಲೇ ರಾಸು ವಿಮೆಯ ಬಗ್ಗೆ ಕಾರ್ಯದರ್ಶಿ ಕಷ್ಟಪಟ್ಟು ಬರೆದಿದ್ದ ಒಂದು ಪ್ಯಾರಾ ಮಾಯ. ಶನಿವಾರ ಇತ್ತು, ಸೋಮವಾರ ಇಲ್ಲ. ನಡುವೆ ಪಟ್ಟಿಗಳೆಲ್ಲ ತಿದ್ದಿದ್ದಾರೆ. ಶನಿವಾರದ ವರ್ಷನ್ Restore ಮಾಡಿದರೆ ಪ್ಯಾರಾ ಬರುತ್ತದೆ, ಭಾನುವಾರ ತಿದ್ದಿದ ಪಟ್ಟಿ ಹೋಗುತ್ತದೆ.

ಇಲ್ಲೂ Restore ಬೇಡ. ಪಟ್ಟಿಯ ಕೆಳಗೆ ಬದಲಾವಣೆ ತೋರಿಸುವ ಒಂದು ಟಿಕ್ ಬಾಕ್ಸ್ ಇದೆ. ಅದು ಆನ್ ಆಗಿರಲಿ. ಆಗ ಒಂದೊಂದು ಸಾಲು ಕ್ಲಿಕ್ ಮಾಡಿದಾಗಲೂ ಆ ಹೊತ್ತಿನಲ್ಲಿ ಸೇರಿದ್ದು ಬಣ್ಣದಲ್ಲಿ ಕಾಣುತ್ತದೆ, ಅಳಿಸಿದ್ದರ ಮೇಲೆ ಅಡ್ಡಗೆರೆ ಇರುತ್ತದೆ. ಭಾನುವಾರದ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ನೋಡುತ್ತಾ ಬನ್ನಿ. ವಿಮೆಯ ಪ್ಯಾರಾ ಮೇಲೆ ಅಡ್ಡಗೆರೆ ಕಂಡ ಸಾಲಿನಲ್ಲೇ ಅದು ಅಳಿಸಿಹೋದದ್ದು. ಅದಕ್ಕಿಂತ ಒಂದು ಹೆಜ್ಜೆ ಹಿಂದಿನ ಸಾಲಿಗೆ ಹೋಗಿ, ಆ ಪ್ಯಾರಾ ಮೇಲೆ ಮೌಸ್ ಎಳೆದು ಆರಿಸಿ, Ctrl+C ಒತ್ತಿ. ಹೊರಗೆ ಬಂದು ಈಗಿನ ಫೈಲಿನಲ್ಲಿ ಅದರ ಜಾಗಕ್ಕೆ Ctrl+V. ಅಷ್ಟೇ. ಹೀಗೆ ಕಾಪಿ ಮಾಡಿದಾಗ ಬಣ್ಣ, ಅಕ್ಷರದ ಅಳತೆ ಏನಾದರೂ ಹೆಚ್ಚುಕಮ್ಮಿ ಆದರೆ Ctrl+Shift+V ಒತ್ತಿ, ಬರೀ ಅಕ್ಷರ ಮಾತ್ರ ಬರುತ್ತದೆ.

ಪಟ್ಟಿಯಲ್ಲಿ ಕಾಣುವ ಹೆಸರಿನ ಬಗ್ಗೆ ಒಂದು ಮಾತು. ಅದು ಖಾತೆಯ ಹೆಸರು, ಮನುಷ್ಯನದ್ದಲ್ಲ. ಸಂಘದ ಕಚೇರಿಯ ಕಂಪ್ಯೂಟರಿನಲ್ಲಿ ಕಾರ್ಯದರ್ಶಿಯ ಖಾತೆ ತೆರೆದೇ ಇದ್ದರೆ, ಹಾಲು ಅಳೆಯುವ ಹುಡುಗ ಬಂದು ಒಂದು ಕೀ ಒತ್ತಿದರೂ ಕಾರ್ಯದರ್ಶಿಯ ಹೆಸರೇ ಬೀಳುತ್ತದೆ. "ಅಣ್ಣ, ನಿಮ್ಮ ಹೆಸರೇ ಇದೆ ನೋಡಿ" ಅಂತ ಜಗಳಕ್ಕೆ ನಿಲ್ಲುವ ಮೊದಲು ಇದು ನೆನಪಿರಲಿ.

ಹಾಗಾದರೆ Restore ಯಾವಾಗ? ಈಗ ಇರುವುದರಲ್ಲಿ ಉಳಿಸಿಕೊಳ್ಳುವಂಥದ್ದು ಏನೂ ಇಲ್ಲದಾಗ. ಯಾರೋ ಎಲ್ಲ ಸೆಲೆಕ್ಟ್ ಮಾಡಿ ಅಳಿಸಿದ್ದಾರೆ, ಅಥವಾ ಮಗು ಲ್ಯಾಪ್‌ಟಾಪ್ ಮೇಲೆ ಕೈಯಾಡಿಸಿ ಪುಟದ ತುಂಬ ಏನೇನೋ ಬಂದಿದೆ. ಆಗ ಸರಿಯಾದ ಸಾಲು ಆರಿಸಿ, ಮೇಲಿನ Restore this version ಒತ್ತಿ. ಅದಕ್ಕೆ ಮುಂಚೆ ಫೈಲ್ ತೆರೆದಿಟ್ಟುಕೊಂಡಿರುವವರಿಗೆ ಫೋನ್ ಮಾಡಿ ಟೈಪ್ ನಿಲ್ಲಿಸಲು ಹೇಳಿ. ಇಲ್ಲದಿದ್ದರೆ ಅವರು ಬರೆಯುತ್ತಿರುವಾಗಲೇ ಪುಟ ಬದಲಾಗಿ, ಅವರು ಇನ್ನೇನೋ ಅಳಿಸಲು ಶುರು ಮಾಡುತ್ತಾರೆ.

ಗೊತ್ತಿಲ್ಲದೆ Restore ಒತ್ತಿಯೇಬಿಟ್ಟಿದ್ದರೂ ಏನೂ ಮುಳುಗಿಲ್ಲ. ಗೂಗಲ್ ಡಾಕ್ಸ್‌ನಲ್ಲಿ Restore ಅಂದರೆ ಹಳೆಯದನ್ನು ಪಟ್ಟಿಯ ತುದಿಗೆ ಹೊಸ ವರ್ಷನ್ ಆಗಿ ತರುವುದು. ಅದಕ್ಕೂ ಮೊದಲು ಇದ್ದದ್ದು ಪಟ್ಟಿಯಲ್ಲಿ ಅದರ ಕೆಳಗೇ ಇರುತ್ತದೆ. ಮತ್ತೆ Version history ತೆರೆದು ಆ ಸಾಲನ್ನು Restore ಮಾಡಿದರೆ ಮೊದಲಿನಂತೆ.

ಪಟ್ಟಿಯೇ ಕಾಣದಿದ್ದರೆ

See version history ಬೂದು ಬಣ್ಣದಲ್ಲಿದ್ದು ಒತ್ತಲು ಬಾರದಿದ್ದರೆ, ನಿಮಗೆ ಆ ಫೈಲಿನಲ್ಲಿ ಎಡಿಟ್ ಮಾಡುವ ಅನುಮತಿ ಇಲ್ಲ. ಬರೀ ನೋಡಲು ಅಥವಾ ಕಾಮೆಂಟ್ ಹಾಕಲು ಅನುಮತಿ ಇರುವವರಿಗೆ ಹಿಸ್ಟರಿ ತೆರೆಯುವುದಿಲ್ಲ. ಫೈಲ್ ಯಾರದ್ದೋ ಅವರಿಂದ ಎಡಿಟರ್ ಅನುಮತಿ ಕೇಳಿ, ಅಥವಾ ಅವರಿಗೇ ಮೇಲಿನ ಹೆಜ್ಜೆಗಳನ್ನು ಹೇಳಿ. ಕಾರ್ಯದರ್ಶಿ ಬದಲಾದ ಸಂಘಗಳಲ್ಲಿ ಇದು ದೊಡ್ಡ ತಲೆನೋವು. ಫೈಲ್ ಹಳೇ ಕಾರ್ಯದರ್ಶಿಯ ಸ್ವಂತ ಜಿಮೇಲ್‌ನಲ್ಲಿರುತ್ತದೆ.

ಪಟ್ಟಿ ಕಾಣುತ್ತದೆ, ಆದರೆ ಈ ಆಗಸ್ಟ್‌ನಿಂದ ಮಾತ್ರ ಇದೆ, ಅದಕ್ಕಿಂತ ಹಿಂದೆ ಏನೂ ಇಲ್ಲ ಅಂದರೆ ನೀವು ತೆರೆದಿರುವುದು ಕಾಪಿ. ಫೈಲಿನ ಹೆಸರು Copy of ಅಂತ ಶುರುವಾಗಿದೆಯಾ ನೋಡಿ. ಕಾಪಿ ಮಾಡಿದಾಗ ಹಿಂದಿನ ಹಿಸ್ಟರಿ ಜೊತೆಗೆ ಬರುವುದಿಲ್ಲ. ಡ್ರೈವ್‌ನಲ್ಲಿ ವರದಿಯ ಹೆಸರು ಹಾಕಿ ಹುಡುಕಿ, ಮೂಲ ಫೈಲ್ ಇರುತ್ತದೆ. ಅಲ್ಲೂ ಇಲ್ಲದಿದ್ದರೆ ಡ್ರೈವ್‌ನ ಕಸದ ಬುಟ್ಟಿ, ಅಂದರೆ Trash ನೋಡಿ. ಅದರಲ್ಲಿ 30 ದಿನ ಮಾತ್ರ ಉಳಿಯುತ್ತದೆ.

ಇನ್ನೊಂದು ಸಂದರ್ಭ ಜನರನ್ನು ಜಾಸ್ತಿ ದಾರಿ ತಪ್ಪಿಸುತ್ತದೆ. ಫೈಲ್ ಡ್ರೈವ್‌ನಲ್ಲಿದೆ, ಆದರೆ ಅದು ಗೂಗಲ್ ಡಾಕ್ಸ್ ಫೈಲ್ ಅಲ್ಲ. ಕಂಪ್ಯೂಟರಿನಲ್ಲಿ ವರ್ಡ್‌ನಲ್ಲಿ ಮಾಡಿ ಡ್ರೈವ್‌ಗೆ ಏರಿಸಿದ ಫೈಲ್. ಹೆಸರಿನ ಕೊನೆಯಲ್ಲಿ `.docx` ಇರುತ್ತದೆ, ಪಕ್ಕದಲ್ಲಿ W ಗುರುತು ಇರುತ್ತದೆ. ಅದೇ ಹೆಸರಿನ ಹೊಸ ಫೈಲನ್ನು ಅದರ ಮೇಲೇ ಏರಿಸಿದ್ದರೆ ಹಳೆಯದನ್ನು ಡ್ರೈವ್ ಸ್ವಲ್ಪ ಕಾಲ ಇಟ್ಟುಕೊಂಡಿರುತ್ತದೆ. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ File information, ಅದರಲ್ಲಿ Manage versions. ಅಲ್ಲಿ ಹಳೆಯದರ ಪಕ್ಕದ ಮೂರು ಚುಕ್ಕಿಯಿಂದ Download ಮಾಡಿಕೊಳ್ಳಿ. ಆದರೆ ಇಲ್ಲಿ ಗಡುವು ಇದೆ. 30 ದಿನ ಆದ ಮೇಲೆ, ಅಥವಾ 100 ವರ್ಷನ್ ದಾಟಿದ ಮೇಲೆ ಹಳೆಯವು ಅಳಿಸಿಹೋಗಬಹುದು. ಒಂದು ವರ್ಷ ಬಿಟ್ಟು ಹುಡುಕಿದರೆ ಸಿಗುವುದಿಲ್ಲ. ಹಳೆಯದು ಅಲ್ಲಿ ಕಂಡರೆ, ಅದೇ ಮೂರು ಚುಕ್ಕಿಯಲ್ಲಿರುವ Keep forever ಕೂಡ ಒತ್ತಿಬಿಡಿ.

ವರ್ಡ್, ಒನ್‌ಡ್ರೈವ್ ಜೊತೆ

ವರ್ಡ್‌ನಲ್ಲಿ ಮೊದಲು ತಿಳಿಯಬೇಕಾದ್ದು ಒಂದೇ. ಫೈಲ್ ಎಲ್ಲಿದೆ? ಒನ್‌ಡ್ರೈವ್‌ನಲ್ಲಾ, ಅಥವಾ ಕಂಪ್ಯೂಟರಿನ ಡಿ ಡ್ರೈವ್‌ನಲ್ಲಾ? ಮೇಲೆ ಎಡಗಡೆ AutoSave ಆನ್ ಇದ್ದರೆ ಒನ್‌ಡ್ರೈವ್. ಆಫ್ ಇದ್ದರೆ File ಒತ್ತಿ Info ನೋಡಿ, ಫೈಲಿನ ಜಾಗ ಅಲ್ಲಿ ಬರೆದಿರುತ್ತದೆ.

ಒನ್‌ಡ್ರೈವ್‌ನಲ್ಲಿದ್ದರೆ ಅದೇ Info ಪುಟದಲ್ಲಿ Version History ಇರುತ್ತದೆ. ಮೇಲೆ ಫೈಲಿನ ಹೆಸರಿನ ಮೇಲೆ ಕ್ಲಿಕ್ ಮಾಡಿದರೂ ಸಿಗುತ್ತದೆ. ಬಲಗಡೆ ಪಟ್ಟಿ ಬರುತ್ತದೆ. ಹಳೇ ವರ್ಷನ್ ಆರಿಸಿದರೆ ಬೇರೆ ಕಿಟಕಿಯಲ್ಲಿ ತೆರೆದುಕೊಳ್ಳುತ್ತದೆ. ಅದರ ಮೇಲ್ಗಡೆ Restore, Compare ಅಂತ ಬಟನ್‌ಗಳು. ಇಲ್ಲೂ Restore ಬಿಡಿ. ಆ ಕಿಟಕಿಯಲ್ಲಿ Ctrl+A, Ctrl+C ಒತ್ತಿ, ಒಂದು ಹೊಸ ಖಾಲಿ ಫೈಲ್ ತೆರೆದು ಅಲ್ಲಿ ಅಂಟಿಸಿ, ಹಳೇ ಇಸವಿಯ ಹೆಸರು ಕೊಟ್ಟು ಸೇವ್ ಮಾಡಿ. ಮೇಲಿನ ಮೂರು ಜಾಗದ ತಾಳೆ ಇಲ್ಲೂ ಬೇಕು.

Compare ಮಾತ್ರ ಚೆನ್ನಾಗಿದೆ, ಒಮ್ಮೆ ಒತ್ತಿ ನೋಡಿ. ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ ಎಲ್ಲ ಕೆಂಪು ಗೆರೆಯಲ್ಲಿ ಬರುತ್ತದೆ. ವಾರ್ಷಿಕ ವರದಿಯಲ್ಲಿ ಇದರಿಂದ ಇನ್ನೊಂದು ಲಾಭ. ಯಾವ ಅಂಕಿಯ ಮೇಲೆ ಗೆರೆ ಬಿದ್ದಿಲ್ಲವೋ, ಅದನ್ನು ಈ ವರ್ಷ ತಿದ್ದುವುದೇ ಮರೆತಿದ್ದೀರಿ ಅಂತ ಅನುಮಾನ ಪಡಬಹುದು.

ಒನ್‌ಡ್ರೈವ್‌ನ ಮಿತಿ ಗೂಗಲ್ ಡಾಕ್ಸ್‌ನಂತಲ್ಲ. ಸ್ವಂತದ ಮೈಕ್ರೋಸಾಫ್ಟ್ ಖಾತೆಯಾದರೆ ಕೊನೆಯ 25 ವರ್ಷನ್ ಮಾತ್ರ ಸಿಗುತ್ತದೆ. ಕಚೇರಿ ಅಥವಾ ಕಾಲೇಜು ಕೊಟ್ಟ ಖಾತೆಯಾದರೆ ಎಷ್ಟು ಅಂತ ಅಲ್ಲಿನ ಕಂಪ್ಯೂಟರ್ ವಿಭಾಗದವರು ತೀರ್ಮಾನಿಸಿರುತ್ತಾರೆ. 25 ಅಂದರೆ ಬಹಳ ಅನ್ನಿಸಬಹುದು. ಆದರೆ AutoSave ಆನ್ ಇದ್ದು, ಎರಡು ವಾರ ದಿನಾ ಕೂತು ತಿದ್ದಿದರೆ ಅಷ್ಟೂ ತುಂಬಿ ಹಳೆಯವು ಆಚೆ ಹೋಗಿಬಿಡುತ್ತವೆ. ಆದ್ದರಿಂದ ತಪ್ಪು ಗೊತ್ತಾದ ತಕ್ಷಣ ತಿದ್ದುವುದು ನಿಲ್ಲಿಸಿ, ಮೊದಲು ಹಳೆಯದನ್ನು ಹೊರಗೆ ತೆಗೆಯಿರಿ. "ಇವತ್ತು ವರದಿ ಮುಗಿಸಿ ನಾಳೆ ನೋಡ್ತೀನಿ" ಅಂದರೆ ನಾಳೆ ಅದು ಪಟ್ಟಿಯಲ್ಲಿ ಇಲ್ಲದೇ ಇರಬಹುದು.

ಫೈಲ್ ಬರೀ ಕಂಪ್ಯೂಟರಿನಲ್ಲೇ ಇದ್ದರೆ

ಇದು ಕಷ್ಟದ ಸ್ಥಿತಿ, ಮೊದಲೇ ಹೇಳಿಬಿಡುತ್ತೇನೆ. ಡಿ ಡ್ರೈವ್‌ನಲ್ಲಿರುವ ವರ್ಡ್ ಫೈಲಿಗೆ ವರ್ಷನ್ ಹಿಸ್ಟರಿ ಇಲ್ಲ. ಆದರೆ ಫೈಲ್ ಇನ್ನೂ ಮುಚ್ಚಿಲ್ಲದಿದ್ದರೆ ಸುಲಭ. ಸೇವ್ ಮಾಡಿದ್ದರೂ ಪರವಾಗಿಲ್ಲ, ಮುಚ್ಚುವವರೆಗೂ Ctrl+Z ಕೆಲಸ ಮಾಡುತ್ತದೆ. ಮೊದಲು F12 ಒತ್ತಿ ಈಗಿನ ಹೊಸ ವರದಿಯನ್ನು ಹೊಸ ಹೆಸರಿನಲ್ಲಿ ಸೇವ್ ಮಾಡಿ. ಆಮೇಲೆ Ctrl+Z ಒತ್ತುತ್ತಾ ಹೋಗಿ. ಒಂದೊಂದಾಗಿ ತಿದ್ದಿದ್ದೆಲ್ಲ ಹಿಂದಕ್ಕೆ ಸರಿದು ಹಳೇ ವರದಿ ಕಾಣುತ್ತದೆ. ಆಗ ಮತ್ತೆ F12 ಒತ್ತಿ, ಹಳೇ ಇಸವಿಯ ಹೆಸರಿನಲ್ಲಿ ಸೇವ್ ಮಾಡಿ. ಲ್ಯಾಪ್‌ಟಾಪ್‌ನಲ್ಲಿ F12ಕ್ಕೆ ಜೊತೆಗೆ Fn ಕೂಡ ಒತ್ತಬೇಕಾಗಬಹುದು. ಹಾಗಾಗಿ ಯಾರಾದರೂ ಫೋನ್ ಮಾಡಿ "ಹಳೇದರ ಮೇಲೇ ಸೇವ್ ಆಗೋಯ್ತು" ಅಂದರೆ ನಾನು ಕೇಳುವ ಮೊದಲ ಪ್ರಶ್ನೆ, "ವರ್ಡ್ ಮುಚ್ಚಿದ್ರಾ?"

ಮುಚ್ಚಿಯಾಗಿದ್ದರೆ ಬಹಳ ಜನ ಅಂತರ್ಜಾಲದಲ್ಲಿ ಓದಿಕೊಂಡು Info ಪುಟದ Manage Document ಅಡಿಯಲ್ಲಿರುವ Recover Unsaved Documents ಒತ್ತುತ್ತಾರೆ. ಅದರಿಂದ ಇಲ್ಲಿ ಉಪಯೋಗ ಇಲ್ಲ. ಅದು ಸೇವ್ ಮಾಡದೇ ಮುಚ್ಚಿದ ಫೈಲುಗಳಿಗೆ. ವರ್ಡ್ ತಾನೇ ಹತ್ತು ಹತ್ತು ನಿಮಿಷಕ್ಕೆ ಬರೆದಿಟ್ಟುಕೊಳ್ಳುವ ಪ್ರತಿ ಕೂಡ ಕರೆಂಟ್ ಹೋದಾಗ, ಕಂಪ್ಯೂಟರ್ ಸಿಕ್ಕಿಹಾಕಿಕೊಂಡಾಗ ಬೇಕಾಗುವಂಥದ್ದು. ನೀವೇ ಸೇವ್ ಒತ್ತಿ ಸರಿಯಾಗಿ ಮುಚ್ಚಿದರೆ ವರ್ಡ್ ಆ ಪ್ರತಿಯನ್ನು ತೆಗೆದುಹಾಕುತ್ತದೆ.

ಮುಚ್ಚಿದ ಮೇಲೆ ನೋಡಬೇಕಾದ ಜಾಗ ಎರಡು. ಒಂದು, ಫೈಲ್ ಇರುವ ಫೋಲ್ಡರಿನಲ್ಲಿ Backup of ಅಂತ ಶುರುವಾಗಿ `.wbk` ಅಂತ ಮುಗಿಯುವ ಫೈಲ್ ಇದೆಯಾ ನೋಡಿ. ವರ್ಡ್‌ನ File, Options, Advanced ಒಳಗೆ ಕೆಳಗಡೆ Always create backup copy ಅನ್ನುವುದಕ್ಕೆ ಮೊದಲೇ ಟಿಕ್ ಹಾಕಿದ್ದರೆ ಮಾತ್ರ ಇದು ಇರುತ್ತದೆ. ಅದರಲ್ಲಿ ಇರುವುದು ಕೊನೆಯ ಸೇವ್‌ಗಿಂತ ಒಂದು ಸಲ ಹಿಂದಿನದು ಮಾತ್ರ. ಹೊಸ ವರದಿ ಬರೆಯುತ್ತಾ ಹತ್ತು ಸಲ ಸೇವ್ ಮಾಡಿದ್ದರೆ ಅದೂ ಹೊಸದೇ ಆಗಿರುತ್ತದೆ. ಎರಡು, ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ Properties, ಅದರಲ್ಲಿ Previous Versions. ವಿಂಡೋಸ್‌ನ File History ಅನ್ನು ಯಾರಾದರೂ ಮೊದಲೇ ಆನ್ ಮಾಡಿ, ಬೇರೆ ಡಿಸ್ಕ್ ಜೋಡಿಸಿದ್ದರೆ ಹಳೇ ತಾರೀಕಿನ ಪ್ರತಿಗಳು ಅಲ್ಲಿ ಕಾಣಬಹುದು. ಕಂಡರೆ Restore ಒತ್ತದೆ Open ಒತ್ತಿ, ಬೇರೆ ಹೆಸರಿನಲ್ಲಿ ಸೇವ್ ಮಾಡಿ. ನಮ್ಮ ಕಡೆ ಸಂಘಗಳ ಕಂಪ್ಯೂಟರಿನಲ್ಲಿ ಇದು ಆನ್ ಆಗಿರುವುದು ಅಪರೂಪ, ಆದರೂ ಒಮ್ಮೆ ನೋಡಿ.

ಇವೆರಡೂ ಖಾಲಿ ಬಂದರೆ ಕಂಪ್ಯೂಟರ್ ಬಿಡಿ, ವರದಿ ಎಲ್ಲೆಲ್ಲಿಗೆ ಹೋಗಿತ್ತು ಅಂತ ಯೋಚಿಸಿ. ಅಧ್ಯಕ್ಷರಿಗೆ ವಾಟ್ಸಾಪ್‌ನಲ್ಲಿ ಕಳಿಸಿರಲಿಲ್ಲವಾ? ಆ ಚಾಟಿನಲ್ಲಿ ಮೇಲೆ ಹೆಸರು ಒತ್ತಿದರೆ ಕಳಿಸಿದ ಫೈಲುಗಳ ಪಟ್ಟಿ ಬೇರೆಯಾಗಿ ಸಿಗುತ್ತದೆ. ಜಿಮೇಲ್‌ನಲ್ಲಿ ಹುಡುಕುವ ಪೆಟ್ಟಿಗೆಯಲ್ಲಿ ಹೀಗೆ ಹಾಕಿ, ಫೈಲ್ ಅಂಟಿಸಿ ನೀವು ಆ ವರ್ಷ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಕಳಿಸಿದ್ದೆಲ್ಲ ಬರುತ್ತದೆ:

```
in:sent has:attachment after:2024/08/01 before:2024/11/01
```

ಕೊನೆಗೆ ಅಚ್ಚು ಹಾಕಿಸಿದ ಅಂಗಡಿಗೆ ಒಂದು ಫೋನ್ ಮಾಡಿ. ನಾವು ಡಿಟಿಪಿಯವರು ಹಳೇ ಕೆಲಸ ಅಳಿಸುವುದು ಕಮ್ಮಿ. ಮುಂದಿನ ವರ್ಷ ಅದೇ ವಿನ್ಯಾಸದಲ್ಲಿ ಬೇಕಾಗುತ್ತದೆ ಅಂತ ಗೊತ್ತಿರುತ್ತದೆ.

ಸಿಕ್ಕ ಫೈಲಿನಲ್ಲಿ ಕನ್ನಡವೇ ಇಲ್ಲ!

ಹಳೆಯ ವರದಿ ಸಿಕ್ಕಿತು, ತೆರೆದರೆ ಪುಟದ ತುಂಬ PÀ£ÀßqÀ ಅಂತ ಏನೋ ಬಂದಿದೆ. ಫೈಲ್ ಕೆಟ್ಟಿದೆ ಅಂತ ಜನ ಅದನ್ನು ಅಳಿಸಿಯೇಬಿಡುತ್ತಾರೆ. ಕೆಟ್ಟಿಲ್ಲ. ಅದು ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್. ಆ ಫಾಂಟು ಕನ್ನಡ ಅಕ್ಷರಗಳನ್ನು ಇಂಗ್ಲಿಷ್ ಸಂಕೇತಗಳ ಮೇಲೆ ಕೂರಿಸಿಕೊಂಡಿರುತ್ತದೆ. ಫಾಂಟ್ ಇಲ್ಲದ ಕಡೆ ತೆರೆದರೆ ಆ ಸಂಕೇತಗಳೇ ಕಾಣುತ್ತವೆ. ಗೂಗಲ್ ಡಾಕ್ಸ್‌ನಲ್ಲಿ ಆ ಫಾಂಟ್ ಇಲ್ಲ, ಆದ್ದರಿಂದ ಅಲ್ಲಿ ತೆರೆದಾಗ ಹೀಗಾಗುತ್ತದೆ. PÀ£ÀßqÀ ಅಂದರೆ ಕನ್ನಡ ಅಂತಲೇ.

ನುಡಿ ಹಾಕಿರುವ ಕಂಪ್ಯೂಟರಿನಲ್ಲಿ ಅದೇ ಫೈಲನ್ನು ವರ್ಡ್‌ನಲ್ಲಿ ತೆರೆದರೆ ಸರಿಯಾಗಿ ಓದಬಹುದು. ಫಾಂಟಿನ ಹೆಸರು ಬದಲಾಗಿಹೋಗಿದ್ದರೆ Ctrl+A ಒತ್ತಿ ನುಡಿ ಫಾಂಟ್ ಆರಿಸಿ. ಅದನ್ನು ಮುಂದೆ ಗೂಗಲ್ ಡಾಕ್ಸ್‌ನಲ್ಲಿ ಬಳಸಬೇಕಾದರೆ ಯೂನಿಕೋಡ್‌ಗೆ ಪರಿವರ್ತಿಸಬೇಕು. ನುಡಿಯ ಜೊತೆಗೇ ಪರಿವರ್ತಕ ಸಿಗುತ್ತದೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ. ಹಳೇ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡ್‌ನಲ್ಲಿ ಮೊದಲು ಬರಬೇಕು. ಈ ಅದಲು ಬದಲು ಕೆಲವೊಮ್ಮೆ ತಪ್ಪುತ್ತದೆ. ಸಂಘದ ವರದಿಯಲ್ಲಿ ಕಾರ್ಯದರ್ಶಿ, ವಾರ್ಷಿಕ, ಖರ್ಚು ಪುಟಪುಟಕ್ಕೂ ಇರುವುದರಿಂದ ತಪ್ಪಿದ್ದರೆ ಮೊದಲ ಪುಟದಲ್ಲೇ ಗೊತ್ತಾಗುತ್ತದೆ. ಮೂಲ ನುಡಿ ಫೈಲನ್ನು ಮಾತ್ರ ಅಳಿಸಬೇಡಿ.

ಎರಡೂ ವರ್ಷದ ವರದಿ ಕೈಗೆ ಬಂದ ಮೇಲೆ ಇನ್ನೊಂದು ಸಣ್ಣ ಕೆಲಸ ಇದೆ. ಗೂಗಲ್ ಡಾಕ್ಸ್‌ನಲ್ಲಿ ಈ ವರ್ಷದ ವರದಿ ಅಚ್ಚಿಗೆ ಹೋಗುವ ದಿನ File, Version history, Name current version ಒತ್ತಿ, "ಮಹಾಸಭೆಯಲ್ಲಿ ಮಂಡಿಸಿದ್ದು 2024-25" ಅಂತ ಹೆಸರು ಕೊಡಿ. ಒಂದು ಡಾಕ್ಸ್ ಫೈಲಿನಲ್ಲಿ ಹೀಗೆ 40 ವರ್ಷನ್‌ಗಳಿಗೆ ಹೆಸರಿಡಬಹುದು. ಮುಂದಿನ ಆಗಸ್ಟ್‌ನಲ್ಲಿ ಯಾರು ಬೇಕಾದರೂ ಪಟ್ಟಿ ತೆರೆದು, ಹೆಸರಿಟ್ಟವನ್ನು ಮಾತ್ರ ತೋರಿಸು ಅಂದರೆ ಅಂತರ ಹುಡುಕುವ, ಮೂರು ಜಾಗ ತಾಳೆ ನೋಡುವ ಕೆಲಸ ಇರುವುದಿಲ್ಲ. ಮುಂದಿನ ವರದಿ ಶುರು ಮಾಡುವವರು ಮೊದಲು File, Make a copy ಒತ್ತಿ, ಕಾಪಿಗೆ ಹೊಸ ಇಸವಿ ಕೊಟ್ಟು, ಆ ಕಾಪಿಯಲ್ಲೇ ತಿದ್ದಲಿ. ಇಸವಿ ಬದಲಾಯಿಸುವುದಕ್ಕೂ ಮೊದಲು ಇದು ಆಗಬೇಕು.